ಕ್ಯಾಪ್ಟನ್ ರಿಟೈರ್ ಆಗ್ತಿದ್ದಾರೆ, ಹಡಗಲ್ಲಿ ಬೀಳ್ಕೊಡುಗೆ ಭಾಷಣ ನಾನು ಮಾಡಬೇಕು. ಏನು ಹೇಳಲಿ, ಏನು ಬಿಡಲಿ?

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಎಲ್ರಿಗೂ ನಮಸ್ಕಾರ. ನಾನು ಬಲ್ಕ್ ಕ್ಯಾರಿಯರ್‌ನಲ್ಲಿ ಸೆಕೆಂಡ್ ಆಫೀಸರ್. ನಮ್ಮ ಕ್ಯಾಪ್ಟನ್ ಮುಂದಿನ ಪೋರ್ಟ್‌ನಲ್ಲಿ ಸೈನ್ ಆಫ್ ಆಗ್ತಾರೆ, ಮತ್ತೆ ಹತ್ತಲ್ಲ, ರಿಟೈರ್ಮೆಂಟ್. ಕೆಡೆಟ್ ಆಗಿ ಹತ್ತಿದಾಗಿಂದ ಲೆಕ್ಕ ಹಾಕಿದ್ರೆ ನಾಲ್ಕು ದಶಕದ ಹತ್ತತ್ರ ಆಗುತ್ತೆ. ಪೋರ್ಟ್ ಸೇರೋ ಮುಂಚೆ ಕ್ರೂ ಮೆಸ್‌ನಲ್ಲಿ ಎಲ್ರೂ ಸೇರೋಣ ಅಂತ ಮಾತಾಗಿದೆ. ಮಾತಾಡಬೇಕಾದವರು ಚೀಫ್ ಆಫೀಸರ್, ಆದ್ರೆ ಅವರು ಈ ಕಾಂಟ್ರಾಕ್ಟ್‌ಗೆ ಮಾತ್ರ ಬಂದವರು, "ನೀನು ಥರ್ಡ್ ಮೇಟ್ ಆಗಿದ್ದಾಗಿಂದ ಅವರ ಕೈಕೆಳಗೆ ಕೆಲಸ ಮಾಡಿದ್ದೀಯ, ನೀನೇ ಮಾತಾಡು" ಅಂದ್ರು.

ಬರೆಯೋಕೆ ಕೂತೆ, ಬಂದಿದ್ದು ಇದು: "ನಮ್ಮ ಪ್ರೀತಿಯ ಕ್ಯಾಪ್ಟನ್ ಅವರು ಕೆಡೆಟ್ ಆಗಿ ವೃತ್ತಿ ಆರಂಭಿಸಿ ಜನರಲ್ ಕಾರ್ಗೋ, ಟ್ಯಾಂಕರ್, ಬಲ್ಕ್ ಕ್ಯಾರಿಯರ್ ಹೀಗೆ ಹಲವು ಬಗೆಯ ಹಡಗುಗಳಲ್ಲಿ ಸೇವೆ ಸಲ್ಲಿಸಿ, ಶಿಸ್ತು ಮತ್ತು ಸರಳತೆಗೆ ಹೆಸರಾಗಿ..." ಹೀಗೇ ಎರಡು ಪುಟ ಇದೆ. ಓದಿದ್ರೆ ಯಾರ ಬಗ್ಗೆ ಬೇಕಾದ್ರೂ ಹೇಳಬಹುದು ಅನ್ಸುತ್ತೆ. ಹಡಗಲ್ಲಿ ಬೇರೆ ಬೇರೆ ದೇಶದವರಿದ್ದಾರೆ, ಆದ್ದರಿಂದ ಅಲ್ಲಿ ಹಡಗಿನ ಕೆಲಸದ ಭಾಷೆಯಲ್ಲೇ ಹೇಳಬೇಕು, ಇಲ್ಲಿ ಮಾತ್ರ ಕನ್ನಡದಲ್ಲಿ ಹಾಕ್ತಿದ್ದೀನಿ. ಇಂಥ ಭಾಷಣ ಮಾಡಿದವರು, ಕೇಳಿಸಿಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಫೋಕ್ಸಲ್
ಹ್ಯಾಂಡೋವರ್ ನೋಟ್ಸ್ ಮೊದಲು ರೆಡಿ ಮಾಡಿಸಿ. ಸರ್ಟಿಫಿಕೇಟ್ ಫೈಲ್, ಕ್ಯಾಶ್ ಬಾಕ್ಸ್ ಲೆಕ್ಕ, ಮೆಡಿಕಲ್ ಲಾಕರ್ ಕೀ, ಕ್ರೂ ಪಾಸ್‌ಪೋರ್ಟ್‌ಗಳು, ಎಲ್ಲಾ ಹೊಸಬರಿಗೆ ಎಣಿಸಿ ಕೊಡಬೇಕು. ಅಫಿಷಿಯಲ್ ಲಾಗ್ ಬುಕ್‌ನಲ್ಲಿ ಇಬ್ಬರೂ ಸೈನ್ ಹಾಕಬೇಕು. ಕೊನೇ ಘಳಿಗೆಗೆ ಬಿಟ್ರೆ ಏಜೆಂಟ್ ಕೆಳಗೆ ಕಾರ್ ನಿಲ್ಲಿಸಿಕೊಂಡು ಕಾಯ್ತಿರ್ತಾನೆ, ಇಲ್ಲಿ ಕೀ ಹುಡುಕ್ತಾ ಇರ್ತೀವಿ.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಸರ್, ಅದನ್ನೆಲ್ಲ ಕ್ಯಾಪ್ಟನ್ ತಾವೇ ಶುರು ಮಾಡಿದ್ದಾರೆ. ನಾನು ಕೇಳಿದ್ದು ಭಾಷಣದ ಬಗ್ಗೆ.

ಹಳೇ_ಮಾಸ್ಟರ್
ಫೋಕ್ಸಲ್ ಹೇಳಿದ್ದು ಬೇರೆ ವಿಷಯ ಆದ್ರೂ ಅದರಲ್ಲಿ ನಿಮಗೆ ಬೇಕಾದ್ದು ಒಂದಿದೆ. ಲಾಗ್ ಬುಕ್‌ನಲ್ಲಿ ಸೈನ್ ಬಿದ್ದ ಮೇಲೆ ಹಡಗಿನ ಮಾಸ್ಟರ್ ಹೊಸಬರು, ನಿಮ್ಮವರು ಹೊರಡೋಕೆ ಕಾದು ಕೂತ ಒಬ್ಬ ಪ್ರಯಾಣಿಕ ಅಷ್ಟೇ. ಬೀಳ್ಕೊಡುಗೆ ಅದಕ್ಕಿಂತ ಮುಂಚೆ, ಸಮುದ್ರದಲ್ಲಿದ್ದಾಗಲೇ, ಅವರು ಇನ್ನೂ ಮಾಸ್ಟರ್ ಆಗಿರುವಾಗಲೇ ಆಗಬೇಕು. ಪೋರ್ಟ್‌ನಲ್ಲಿ ಇಟ್ಟುಕೊಂಡ್ರೆ ಅರ್ಧ ಜನ ಹ್ಯಾಚ್ ಹತ್ರ, ಒಬ್ಬ ಗ್ಯಾಂಗ್‌ವೇ ಹತ್ರ, ಚೀಫ್ ಆಫೀಸರ್ ಡ್ರಾಫ್ಟ್ ಸರ್ವೇಯರ್ ಜೊತೆ, ಮೆಸ್‌ನಲ್ಲಿ ಐದು ಜನ ಇರ್ತಾರೆ. ಆಗಮನದ ಹಿಂದಿನ ದಿನ ಕೂಡ ಬೇಡ, ಅವತ್ತು ಚೆಕ್‌ಲಿಸ್ಟ್, ಬ್ಯಾಲಾಸ್ಟ್, ಆಂಕರ್ ತಯಾರಿ ಅಂತ ಎಲ್ರ ತಲೇನೂ ಬೇರೆ ಕಡೆ ಇರುತ್ತೆ. ಎರಡು ದಿನ ಮುಂಚೆ ಇಟ್ಕೊಳ್ಳಿ.

ಇನ್ನು ಭಾಷಣ. ನೀವು ಬರೆದಿದ್ದು ಅವರ ಸಿವಿ. ಅದು ಅವರಿಗೇ ಬಾಯಿಪಾಠ, ಕ್ರೂಗೆ ಅದರಿಂದ ಏನೂ ಸಿಗಲ್ಲ. ಒಂದೇ ಒಂದು ರಾತ್ರಿ ಆರಿಸಿ, ನೀವು ಅಲ್ಲೇ ಇದ್ದು ಕಣ್ಣಾರೆ ನೋಡಿದ ರಾತ್ರಿ. ಅವರು ಏನು ಮಾಡಿದ್ರು ಅನ್ನೋದು ಮಾತ್ರ ಸಾಲದು, ಮಾಡಬಹುದಿತ್ತು ಆದ್ರೂ ಮಾಡದೆ ಬಿಟ್ಟಿದ್ದು ಏನು ಅನ್ನೋದನ್ನೂ ಹೇಳಿ. ಕ್ಯಾಪ್ಟನ್ ಎಂಥವರು ಅಂತ ಜೊತೆಗಿದ್ದವರಿಗೆ ಗೊತ್ತಾಗೋದು ಹೆಚ್ಚಾಗಿ ಅಲ್ಲೇ.

ಥರ್ಡ್_ಇಂಜಿನಿಯರ್_ಬಿ
ನಾನಿದ್ದ ಹಡಗಲ್ಲಿ ಒಬ್ಬ ಕ್ಯಾಪ್ಟನ್ ಬೀಳ್ಕೊಡುಗೆ ಮಾಡಿದ್ವಿ, ಹೊಸ ಕ್ಯಾಪ್ಟನ್ ಬಂದ ದಿನ, ಲೋಡಿಂಗ್ ಮಧ್ಯೆ. ಭಾಷಣ ಮಾಡಬೇಕಾದವನು ಬರೋಷ್ಟರಲ್ಲಿ ಏಜೆಂಟ್ ಫೋನ್, ಅವರು ಬ್ಯಾಗ್ ಹಿಡಿದು ಗ್ಯಾಂಗ್‌ವೇ ಇಳಿದೇಬಿಟ್ರು. ಅಷ್ಟು ವರ್ಷದ ಸರ್ವಿಸ್‌ಗೆ ಕೈಕುಲುಕಿದವರು ಮೂರು ಜನ. ಆ ಬೇಜಾರು ಇವತ್ತಿಗೂ ಹೋಗಿಲ್ಲ ನನಗೆ. ಹಾಗಾಗಿ ಸಮುದ್ರದಲ್ಲೇ ಮಾಡಿ ಅನ್ನೋ ಮಾತಿಗೆ ನನ್ನದೂ ಒಂದು ವೋಟು.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಮಾಸ್ಟರ್ ಸರ್, ನೀವು ಹೇಳಿದ ಕೂಡಲೇ ಒಂದು ರಾತ್ರಿ ನೆನಪಾಯ್ತು. ಆಗ ನಾನು ಥರ್ಡ್ ಮೇಟ್, ರಾತ್ರಿ 8ರಿಂದ 12ರ ವಾಚ್. ಮುಂದೆ ದೊಡ್ಡ ಫಿಶಿಂಗ್ ಫ್ಲೀಟ್, ಕೆಲವು ದೋಣಿ ಎಐಎಸ್‌ನಲ್ಲಿ ಕಾಣ್ತಿದ್ವು, ಕೆಲವು ರೇಡಾರ್‌ನಲ್ಲಿ ಮಾತ್ರ, ಇನ್ನು ಕೆಲವು ಬರೀ ಕಣ್ಣಿಗೆ ಲೈಟ್ ಆಗಿ ಕಾಣ್ತಿದ್ವು ಅಷ್ಟೇ. ಕ್ಯಾಪ್ಟನ್ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಯಾವುದೇ ಹಡಗು ಎರಡು ಮೈಲಿಗಿಂತ ಹತ್ರ ಹಾದುಹೋಗೋ ಹಾಗಿದ್ರೆ ಕರೀಬೇಕು ಅಂತಿತ್ತು, ಕರೆದೆ. ಎರಡು ನಿಮಿಷಕ್ಕೆ ಬಂದ್ರು, ಚಾರ್ಟ್ ಟೇಬಲ್ ಪರದೆ ಪಕ್ಕ ಕಣ್ಣು ಕತ್ತಲಿಗೆ ಹೊಂದೋ ತನಕ ಸುಮ್ಮನೆ ನಿಂತ್ರು. ನಾನು ಪರಿಸ್ಥಿತಿ ಹೇಳಿದೆ. "ನಿನ್ನ ಪ್ಲಾನ್ ಏನು?" ಅಂದ್ರು. ಸ್ಟಾರ್‌ಬೋರ್ಡ್‌ಗೆ 30 ಡಿಗ್ರಿ ತಿರುಗಿಸಿ ಇಡೀ ಗುಂಪನ್ನ ಎಡಗಡೆ ಬಿಟ್ಟು ಹೋಗ್ತೀನಿ ಅಂದೆ. "ಆ ಕಡೆ ನೀರು ಎಷ್ಟಿದೆ?" ಚಾರ್ಟ್ ನೋಡಿ ಹೇಳಿದೆ, ಬೇಕಾದಷ್ಟು ಆಳ ಇತ್ತು. "ಸರಿ, ಮಾಡು" ಅಂದ್ರು. ಮಾಡಿದೆ. ಫ್ಲೀಟ್ ಪೂರ್ತಿ ಹಿಂದೆ ಬೀಳೋ ತನಕ ಅವರು ಎಡಗಡೆ ಕಿಟಕಿ ಹತ್ರ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ರು, ಒಂದು ಮಾತಿಲ್ಲ. ಹೋಗುವಾಗ "ಕರೆದಿದ್ದು ಒಳ್ಳೇದಾಯ್ತು" ಅಂದ್ರು ಅಷ್ಟೇ. ಈ ಕಥೆ ಆಗುತ್ತಾ, ಇಲ್ಲ ತೀರಾ ಚಿಕ್ಕದಾಯ್ತಾ?

ಕೇಬಲ್_ಲಾಕರ್
ಚೆನ್ನಾಗಿದೆ ಬ್ರದರ್, ಆದ್ರೆ ಇನ್ನೂ ಜೋರಾಗಿ ಹೇಳಬೇಕು. ಕ್ಯಾಪ್ಟನ್ ಬ್ರಿಜ್‌ಗೆ ಕಾಲಿಟ್ಟ ಕ್ಷಣದಿಂದ ಜವಾಬ್ದಾರಿ ಅವರದ್ದೇ ಅಲ್ವಾ? ಹಾಗಾಗಿ "ಆ ರಾತ್ರಿ ಕ್ಯಾಪ್ಟನ್ ಬಂದು ಹಡಗನ್ನ ತಮ್ಮ ಕೈಗೆ ತಗೊಂಡು ನಮ್ಮೆಲ್ಲರನ್ನ ಕಾಪಾಡಿದ್ರು" ಅಂತ ಹೇಳಿ, ಮೆಸ್ ಪೂರ್ತಿ ಚಪ್ಪಾಳೆ ಹೊಡೀತಾರೆ.

ಹಳೇ_ಮಾಸ್ಟರ್
ಕೇಬಲ್ ಲಾಕರ್, ಅರ್ಧ ಸರಿ ಹೇಳಿದ್ರಿ. ಇಡೀ ಹಡಗಿನ ಹೊಣೆ ಯಾವಾಗಲೂ ಮಾಸ್ಟರ್‌ದೇ, ಕ್ಯಾಬಿನ್‌ನಲ್ಲಿ ನಿದ್ದೆ ಮಾಡ್ತಿದ್ರೂ ಅವರದ್ದೇ. ಆದ್ರೆ ವಾಚ್ ಬೇರೆ. ಮಾಸ್ಟರ್ ಬ್ರಿಜ್ ಮೇಲೆ ನಿಂತಿದ್ರೂ ನ್ಯಾವಿಗೇಶನ್ ಹೊಣೆ ವಾಚ್ ಆಫೀಸರ್ ಮೇಲೇ ಇರುತ್ತೆ. "ನಾನು ತಗೊಂಡೆ" ಅಂತ ಮಾಸ್ಟರ್ ಬಾಯಿಬಿಟ್ಟು ಹೇಳಬೇಕು, ಅದು ಇಬ್ಬರಿಗೂ ಖಚಿತವಾಗಿ ಅರ್ಥ ಆಗಿರಬೇಕು, ಎಸ್‌ಟಿಸಿಡಬ್ಲ್ಯೂ ಕೋಡ್‌ನಲ್ಲೇ ಹಾಗಿದೆ. ಅದು ಸುಮ್ನೆ ಇಟ್ಟ ನಿಯಮ ಅಲ್ಲ. ಕ್ಯಾಪ್ಟನ್ ಬಂದ್ರಲ್ಲ ಅವರು ನೋಡ್ಕೋತಾರೆ ಅಂತ ಮೇಟ್ ಕೈಬಿಟ್ಟು, ಮೇಟ್ ಮಾಡ್ತಿದ್ದಾನಲ್ಲ ಅಂತ ಕ್ಯಾಪ್ಟನ್ ಸುಮ್ಮನಿದ್ದು, ಕೊನೆಗೆ ಹಡಗನ್ನ ಯಾರೂ ನಡೆಸ್ತಿಲ್ಲ ಅನ್ನೋ ಪರಿಸ್ಥಿತಿ ಬರಬಾರದು ಅಂತಾನೇ ಇರೋದು.

ಈಗ ಆ ರಾತ್ರಿ ನೋಡಿ. ಅವರು ಹೊಸ ಥರ್ಡ್ ಮೇಟ್ ಕೈಯಿಂದ ಹಡಗನ್ನ ಕಿತ್ತುಕೊಳ್ಳಬಹುದಿತ್ತು, ಯಾರೂ ತಪ್ಪು ಅಂತಿರಲಿಲ್ಲ. ತಗೊಳ್ಳಲಿಲ್ಲ. ಹಾಗಂತ ವಾಪಸ್ ಹೋಗಿ ಮಲಗಲೂ ಇಲ್ಲ, ಬೇಕಾದ್ರೆ ಒಂದು ಸೆಕೆಂಡ್‌ನಲ್ಲಿ ತಗೊಳ್ಳೋ ಅಷ್ಟು ಹತ್ರ ನಿಂತ್ರು. ಇದು ಮಾಸ್ಟರ್ ಕೆಲಸದಲ್ಲಿ ಅತಿ ಕಷ್ಟದ ಭಾಗ. ನಾನು ಮಾಸ್ಟರ್ ಆಗಿದ್ದಾಗ ನಾಲಿಗೆ ತುದಿಗೆ ಬಂದ ಆರ್ಡರ್ ನುಂಗಿಕೊಳ್ಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. "ಕಾಪಾಡಿದ್ರು" ಅಂತ ಬದಲಾಯಿಸಿದ್ರೆ ಅವರು ಮಾಡಿದ ದೊಡ್ಡ ಕೆಲಸಾನೇ ಅಳಿಸಿಹೋಗುತ್ತೆ. ಅದೂ ಅಲ್ದೆ ಅವರು ಅಲ್ಲೇ ಎದುರು ಕೂತಿರ್ತಾರೆ, ನಡೆಯದೇ ಇದ್ದಿದ್ದನ್ನ ಹೊಗಳಿಕೆ ಅಂತ ಕೇಳಿಸಿಕೊಳ್ಳಬೇಕಾ ಅವರು?

ಥರ್ಡ್_ಇಂಜಿನಿಯರ್_ಬಿ
ಒಂದು ಮಾತು. ಮೆಸ್‌ನಲ್ಲಿ ಕೂತವರಲ್ಲಿ ಅರ್ಧ ಜನ ಇಂಜಿನ್ ಮತ್ತೆ ಗ್ಯಾಲಿಯವರು. ಬ್ರಿಜ್‌ನಲ್ಲಿ ಯಾರು ಯಾರಿಂದ ಏನು ತಗೋತಾರೆ ಅಂತ ಆಯಿಲರ್‌ಗೆ ಗೊತ್ತಿರಲ್ಲ. ಒಂದು ಸರಳ ವಾಕ್ಯದಲ್ಲಿ ಹೇಳಿಬಿಡಿ, ಇಲ್ಲಾಂದ್ರೆ ಅವರು ಭಾಷಣ ಪೂರ್ತಿ ಹೊರಗಿನವರ ಥರ ಕೂತಿರ್ತಾರೆ. ಇಂಜಿನ್ ಕಡೆಯಿಂದಲೂ ಒಂದು ಘಟನೆ ಸೇರಿಸಿ. ನಿಮ್ಮ ಚೀಫ್ ಇಂಜಿನಿಯರ್‌ನ ಕೇಳಿ ನೋಡಿ, ಖಂಡಿತ ಒಂದು ಇರುತ್ತೆ.

ಕೇಬಲ್_ಲಾಕರ್
ಆಯ್ತು, ಒಪ್ಪಿದೆ ಮಾಸ್ಟರ್ ಸರ್. ಹಾಗಾದ್ರೆ ಕ್ರೂ ಮನಸ್ಸಿಗೆ ಹತ್ತಿರ ಆಗೋದು ಇನ್ನೊಂದು ಸೇರಿಸಬಹುದು. ನಮ್ಮ ಹಳೇ ಕ್ಯಾಪ್ಟನ್ ಒಬ್ರು ಪೋರ್ಟ್‌ನಲ್ಲಿ ಕೆಲಸ ಜಾಸ್ತಿ ಆದಾಗ ರೆಸ್ಟ್ ಅವರ್ ಶೀಟ್ ಎಲ್ಲಾ ತಾವೇ ಸರಿಮಾಡಿಸಿ ನಮಗೆ ತಲೆನೋವು ಬರದಂಗೆ ನೋಡ್ಕೋತಿದ್ರು, ಡ್ರಿಲ್ ಒಂದೊಂದು ಸಲ ಪೇಪರ್ ಮೇಲೆ ಮುಗಿಸಿ ಜನಕ್ಕೆ ಮಲಗೋಕೆ ಬಿಡ್ತಿದ್ರು. ಇಂಥದ್ದಕ್ಕೆ ಕ್ರೂ ಕಣ್ಣಲ್ಲಿ ನೀರು ಬರುತ್ತೆ.

ಹಳೇ_ಮಾಸ್ಟರ್
ಇದನ್ನ ಮಾತ್ರ ಯಾವ ಕಾರಣಕ್ಕೂ ಹೇಳಬೇಡಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಕೊಡಲೇಬೇಕು, ಶೀಟ್ ಇರೋದು ಅದನ್ನ ಕಾಯೋಕೆ. ಶೀಟ್ ತಿದ್ದಿದ್ರು ಅಂತ ಸಭೆಯಲ್ಲಿ ಹೇಳೋದು ಅಂದ್ರೆ ಮಾಸ್ಟರ್ ಸುಳ್ಳು ದಾಖಲೆಗೆ ಸೈನ್ ಹಾಕಿದ್ರು ಅಂತ ಎಲ್ರ ಮುಂದೆ ಹೇಳಿದ ಹಾಗೆ. ಈಗ ಯಾರಾದ್ರೂ ಒಬ್ಬರು ಫೋನ್‌ನಲ್ಲಿ ವಿಡಿಯೋ ಮಾಡೇ ಮಾಡ್ತಾರೆ, ಪೋರ್ಟ್‌ನಲ್ಲಿ ಸಿಗ್ನಲ್ ಬಂದ ಕೂಡಲೇ ಅದು ಎಲ್ಲಾ ಕಡೆ ಹೋಗುತ್ತೆ. ಅವರ ಸರ್ವಿಸ್‌ನ ಕೊನೇ ವಾರದಲ್ಲಿ ಅವರ ತಲೆಗೆ ಇದನ್ನ ಕಟ್ಟೋದಾ? ಪೋರ್ಟ್ ಸ್ಟೇಟ್ ಇನ್‌ಸ್ಪೆಕ್ಷನ್‌ನಲ್ಲಿ ಎದ್ದು ಬಂದ ವಿಷಯ, ಇನ್ನೂ ತನಿಖೆಯಲ್ಲಿರೋ ಘಟನೆ, ಯಾವನೋ ಒಬ್ಬ ಕ್ರೂ ಮಾಡಿದ ಎಡವಟ್ಟನ್ನ ಕ್ಯಾಪ್ಟನ್ ಮುಚ್ಚಿದ ಕಥೆ, ಇವು ಮೂರೂ ಬೇಡ. ಕಥೆ ಹೇಳೋ ಮುಂಚೆ ಇದರಲ್ಲಿ ಯಾರಾದ್ರೂ ತಲೆ ತಗ್ಗಿಸಬೇಕಾಗುತ್ತಾ ಅಂತ ನೋಡ್ಕೊಳ್ಳಿ.

ಡೆಕ್_ಕೆಡೆಟ್
ಸರ್, ಅವರು ಕೆಡೆಟ್ ಆಗಿದ್ದಾಗ ಸಮುದ್ರ ಹೇಗಿತ್ತು, ಈಗ ಹೇಗಿದೆ ಅಂತ ಸ್ವಲ್ಪನಾದ್ರೂ ಹೇಳಬೇಕಲ್ವಾ? ನನ್ನಂಥವರಿಗೆ ಅದೇ ಇಷ್ಟ ಆಗೋದು. ಸೆಕ್ಸ್‌ಟೆಂಟ್, ಪೇಪರ್ ಚಾರ್ಟ್, ಮೋರ್ಸ್, ಆಮೇಲೆ ಜಿಪಿಎಸ್, ಎಕ್‌ಡಿಸ್ ಅಂತ ಸಾಲಾಗಿ.

ಹಳೇ_ಮಾಸ್ಟರ್
ಸಾಲಾಗಿ ಬೇಡ ತಮ್ಮ, ಸಾಲಾಗಿ ಹೇಳಿದ್ರೆ ಪಾಠ ಆಗುತ್ತೆ. ಒಂದು ಸಾಕು, ಅದೂ ಅವರ ಕೆಲಸಕ್ಕೆ ತಗಲೋದು. ಅವರು ಹತ್ತಿದ ಕಾಲದಲ್ಲಿ ಹಡಗಲ್ಲಿ ರೇಡಿಯೋ ಆಫೀಸರ್ ಅಂತ ಒಬ್ಬರು ಇರ್ತಿದ್ರು. 1999ರ ಫೆಬ್ರವರಿ 1ಕ್ಕೆ ಜಿಎಂಡಿಎಸ್‌ಎಸ್ ಅನ್ನೋ ಅಪಾಯ ಸಂದೇಶದ ಹೊಸ ರೇಡಿಯೋ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು, ಆಮೇಲೆ ಆ ಹುದ್ದೆ ಹಡಗುಗಳಿಂದ ಮರೆಯಾಯ್ತು, ಆ ಕೆಲಸ ಮೇಟ್‌ಗಳ ಮೇಲೆ ಬಂತು. ಅವತ್ತಿನ ಹಡಗಲ್ಲಿ ಆಫೀಸ್ ಜೊತೆ ಮಾತಾಡೋದು ಅಂದ್ರೆ ದೊಡ್ಡ ಕೆಲಸ, ಮಾಸ್ಟರ್ ತಾನೇ ಯೋಚಿಸಿ ತಾನೇ ನಿರ್ಧಾರ ಮಾಡ್ತಿದ್ರು. ಇವತ್ತು ಹಡಗು ಒಂದು ಗಂಟೆ ನಿಂತ್ರೆ ಹತ್ತು ಮೇಲ್ ಬರುತ್ತೆ. ನಿಯಮ ಮಾತ್ರ ಮಾಸ್ಟರ್ ಪರವಾಗೇ ಇದೆ, ಜೀವ ಮತ್ತು ಸಮುದ್ರದ ಸುರಕ್ಷತೆಗೆ ಮಾಸ್ಟರ್ ತಗೊಳ್ಳೋ ನಿರ್ಧಾರಕ್ಕೆ ಓನರ್ ಆಗಲಿ ಚಾರ್ಟರರ್ ಆಗಲಿ ಅಡ್ಡ ಬರೋ ಹಾಗಿಲ್ಲ ಅಂತ ಸೋಲಾಸ್ ಒಪ್ಪಂದದಲ್ಲೇ ಇದೆ. ಅವರು ಆ ಹಕ್ಕನ್ನ ಬಳಸಿದ ಸಂದರ್ಭ ನಿಮ್ಮ ಹಡಗಲ್ಲಿ ಇದ್ರೆ ಅದನ್ನ ಹಾಕಿ, ಕೆಡೆಟ್‌ಗೆ ಹಳೇ ಕಾಲ, ಈ ಕಾಲ ಎರಡೂ ಅದರಲ್ಲೇ ಸಿಗುತ್ತೆ.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಚೀಫ್ ಇಂಜಿನಿಯರ್‌ನ ಕೇಳಿದೆ, ಅವರು ಯೋಚನೇನೇ ಮಾಡಲಿಲ್ಲ, ತಕ್ಷಣ ಹೇಳಿದ್ರು. ಈ ಕಾಂಟ್ರಾಕ್ಟ್‌ನಲ್ಲೇ ಆಗಿದ್ದು, ಮೇನ್ ಇಂಜಿನ್ ಒಂದು ಯೂನಿಟ್‌ನ ಎಗ್ಸಾಸ್ಟ್ ವಾಲ್ವ್ ಹಾಳಾಗಿ ನಡುಸಮುದ್ರದಲ್ಲಿ ನಿಲ್ಲಿಸಬೇಕಾಯ್ತು. ಕ್ಯಾಪ್ಟನ್ ಫೋನ್‌ನಲ್ಲಿ ಒಂದೇ ಪ್ರಶ್ನೆ ಕೇಳಿದ್ರಂತೆ, "ಎಷ್ಟು ಹೊತ್ತು ಬೇಕು?" ಚೀಫ್ ಆರು ಗಂಟೆ ಅಂದ್ರು. "ತಗೊಳ್ಳಿ, ಮೇಲಿನದ್ದು ನಾನು ನೋಡ್ಕೋತೀನಿ" ಅಂದ್ರಂತೆ. ಅಷ್ಟೇ. ನಾವು ಮೇಲೆ ಎರಡು ಕೆಂಪು ಲೈಟ್ ಹಾಕಿಕೊಂಡು ತೇಲ್ತಾ ಇದ್ವಿ, ಆಫೀಸ್‌ನಿಂದ, ಚಾರ್ಟರರ್‌ನಿಂದ ಮೇಲೆ ಮೇಲೆ ಕೇಳ್ತಿದ್ದನ್ನ ನಾನೇ ನೋಡಿದ್ದೀನಿ, ಕ್ಯಾಪ್ಟನ್ ಒಂದನ್ನೂ ಕೆಳಗೆ ದಾಟಿಸಲಿಲ್ಲ. ಚೀಫ್ ಹೇಳಿದ ಮಾತು: "ಆ ಆರು ಗಂಟೆಯಲ್ಲಿ ಬ್ರಿಜ್‌ನಿಂದ ಒಂದು ಫೋನ್ ಬರಲಿಲ್ಲ. ಬಿಸಿ ಇಂಜಿನ್ ಮೇಲೆ ಹುಡುಗರು ಕೆಲಸ ಮಾಡುವಾಗ ಅದಕ್ಕಿಂತ ದೊಡ್ಡ ಸಹಾಯ ಇಲ್ಲ."

ಥರ್ಡ್_ಇಂಜಿನಿಯರ್_ಬಿ
ಇದೇ, ಇದೇ! ಬ್ರಿಜ್‌ನಿಂದ ಹತ್ತು ನಿಮಿಷಕ್ಕೊಂದು ಸಲ "ಆಯ್ತಾ?" ಅಂತ ಫೋನ್ ಬಂದ್ರೆ ಗ್ಲೌಸ್ ಬಿಚ್ಚಿ ಓಡಬೇಕು, ಮತ್ತೆ ಬಂದು ಎಲ್ಲಿ ನಿಲ್ಲಿಸಿದ್ವಿ ಅಂತ ನೆನಪು ಮಾಡ್ಕೋಬೇಕು, ನಟ್ ಟೈಟ್ ಮಾಡಿದ್ವಾ ಇಲ್ವಾ ಅನ್ನೋ ಅನುಮಾನ ಬೇರೆ. ಮೋಟರ್‌ಮ್ಯಾನ್‌ನಿಂದ ಹಿಡಿದು ಎಲ್ರಿಗೂ ಇದು ಮುಟ್ಟುತ್ತೆ. ನೋಡಿ, ನಿಮ್ಮ ಎರಡು ಕಥೆನೂ ಒಂದೇ. ಕೆಲಸ ಮಾಡೋನ ಕೈಯಲ್ಲೇ ಕೆಲಸ ಬಿಟ್ಟು, ತಾನು ಪಕ್ಕದಲ್ಲಿ ನಿಂತಿದ್ದು.

ದಡದಲ್ಲಿ_ಬೋಸನ್
ನಾನು ರಿಟೈರ್ಡ್ ಬೋಸನ್, ಭಾಷಣ ತುಂಬಾ ಕೇಳಿದ್ದೀನಿ. ಟೈಮ್ ನೋಡ್ಕೊಳ್ಳಿ ಸಾರ್. ಐದು ನಿಮಿಷ ದಾಟಬಾರದು, ಯಾಕಂದ್ರೆ ಸೇರಿದವರಲ್ಲಿ ಒಬ್ಬ ವಾಚ್ ಇಳಿದು ಬಂದಿರ್ತಾನೆ, ಇನ್ನೊಬ್ಬ ವಾಚ್‌ಗೆ ಹತ್ತಬೇಕು. ಸಂಜೆ 7ಕ್ಕೆ ಇಟ್ರೆ 4ರಿಂದ 8ರ ವಾಚ್‌ನ ಚೀಫ್ ಆಫೀಸರ್, ಜೊತೆಗಿರೋ ನಾವಿಕ ಎಬಿ ಇಬ್ಬರೇ ತಪ್ಪಿಹೋಗ್ತಾರೆ, ನೀವು ಮಧ್ಯರಾತ್ರಿ ವಾಚ್‌ಗೆ ಮುಂಚೆ ಮಲಗೋಕೂ ಟೈಮ್ ಸಿಗುತ್ತೆ. ಇಂಜಿನ್ ರೂಮ್ ಅನ್‌ಮ್ಯಾನ್ಡ್ ಇದ್ರೆ ಅಲ್ಲಿನವರೆಲ್ಲ ಬರ್ತಾರೆ, ಆದ್ರೆ ಡ್ಯೂಟಿ ಇಂಜಿನಿಯರ್ ಬಾಗಿಲ ಹತ್ರ ಕೂರಲಿ, ಅಲಾರ್ಮ್ ಬಂದ್ರೆ ಓಡಬೇಕಲ್ಲ. ನಿಮ್ಮ ಭಾಷಣದ ಮಧ್ಯೆ ಅಲಾರ್ಮ್ ಬಂತು ಅಂತ ನಿಲ್ಲಿಸಬೇಡಿ, ಅವನು ಹೋಗ್ತಾನೆ, ನೀವು ಮುಂದುವರಿಸಿ.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಬೋಸನ್ ಸರ್, 7 ಗಂಟೆ ಸರಿ ಅನ್ಸುತ್ತೆ. ಚೀಫ್ ಆಫೀಸರ್ ಮತ್ತೆ ಎಬಿ ತಪ್ಪಿಹೋಗಬಾರದು ಅಂತ ಥರ್ಡ್ ಮೇಟ್ ಇನ್ನೊಬ್ಬ ಎಬಿ ಜೊತೆ ಒಂದು ಗಂಟೆ ಬೇಗ ಹತ್ತಿ ಬಿಡಿಸ್ತೀನಿ ಅಂದ. ಅವರಿಬ್ಬರ ರೆಸ್ಟ್ ಅವರ್ ನೋಡಿದೆ, ಸರಿಯಾಗುತ್ತೆ. ಹಾಗೆ ಮಾಡಿದ್ರೆ ಥರ್ಡ್ ಮೇಟ್ ತಪ್ಪಿಹೋಗ್ತಾನೆ ಅನ್ನೋದೇ ಬೇಜಾರು, ಅವನು ಮಾತ್ರ "ಕ್ಯಾಪ್ಟನ್ ಕೆಳಗೆ ನಿಶ್ಚಿಂತೆಯಿಂದ ಕೂರೋಕೆ ಯಾರಾದ್ರೂ ಮೇಲಿರಬೇಕಲ್ಲ" ಅಂತಾನೆ.

ಈಗ ಒಂದು ಕಷ್ಟದ ಪ್ರಶ್ನೆ. ನಮ್ಮ ಬೋಸನ್ ಹಿಂದಿನ ಹಡಗಲ್ಲೂ ಕ್ಯಾಪ್ಟನ್ ಜೊತೆ ಇದ್ದವರು. ಅಲ್ಲಿ ಒಬ್ಬ ಎಬಿಗೆ ದಡದಿಂದ ತುಂಬಾ ದೂರದಲ್ಲಿ ಎದೆನೋವು ಬಂತು. ಕ್ಯಾಪ್ಟನ್ ರೇಡಿಯೋದಲ್ಲಿ ಡಾಕ್ಟರ್ ಸಲಹೆ ತಗೊಂಡು, ಹಡಗನ್ನ ತಿರುಗಿಸಿ ಫುಲ್ ಸ್ಪೀಡ್‌ನಲ್ಲಿ ಹತ್ತಿರದ ಪೋರ್ಟ್ ಕಡೆ ಓಡಿಸಿದ್ರು, ಆದ್ರೂ ಉಳೀಲಿಲ್ಲ. ಮನೆಯವರಿಗೆ ಆಫೀಸ್‌ನವರು ಹೇಳ್ತಾರೆ ಅಂದ್ರೂ ಕೇಳದೆ, ಆಮೇಲೆ ಕ್ಯಾಪ್ಟನ್ ತಾವೂ ಫೋನ್ ಮಾಡಿ ಮಾತಾಡಿದ್ರಂತೆ. ಇದನ್ನ ಭಾಷಣದಲ್ಲಿ ಹೇಳಲೇಬೇಕು ಅಂತಾರೆ ಬೋಸನ್. ಕ್ಯಾಪ್ಟನ್ ಮಾತ್ರ ನನ್ನ ಮುಂದೆ ಇದರ ಬಗ್ಗೆ ಒಂದು ಸಲನೂ ಮಾತಾಡಿಲ್ಲ. ಏನು ಮಾಡಲಿ?

ಥರ್ಡ್_ಇಂಜಿನಿಯರ್_ಬಿ
ಹೇಳಿ. ಸತ್ತವನನ್ನ ಯಾರೂ ನೆನೆಸದೆ ಬಿಟ್ರೆ ಅದಕ್ಕಿಂತ ಕೆಟ್ಟದ್ದಿಲ್ಲ. ಹೆಸರು ಹೇಳಿ, ಒಂದು ನಿಮಿಷ ಎದ್ದು ನಿಲ್ಲಿ.

ಹಳೇ_ಮಾಸ್ಟರ್
ನಾನು ಬೇಡ ಅಂತೀನಿ. ಆ ಘಟನೆಯಲ್ಲಿ ನೀವು ಇರಲಿಲ್ಲ. ಅದು ಬೋಸನ್‌ಗೆ ಸೇರಿದ್ದು, ಕ್ಯಾಪ್ಟನ್‌ಗೆ ಸೇರಿದ್ದು. ತನ್ನ ಹಡಗಲ್ಲಿ ಒಬ್ಬ ತೀರಿಹೋದ್ರೆ ಮಾಸ್ಟರ್ ಅದನ್ನ ಹೊತ್ತುಕೊಂಡೇ ಇರ್ತಾನೆ, ಮುಂಚೆ ತಿರುಗಿಸಿದ್ರೆ ಉಳೀತಿದ್ನಾ, ಬೇರೆ ಪೋರ್ಟ್ ಹಿಡಿದಿದ್ರೆ ಉಳೀತಿದ್ನಾ ಅಂತ. ಅಷ್ಟು ಜನರ ಮುಂದೆ, ತಯಾರಿಲ್ಲದ ಹೊತ್ತಲ್ಲಿ ಅದನ್ನ ತೆಗೆಯೋದು ಸರಿಯಲ್ಲ. ಹೇಳಲೇಬೇಕು ಅನ್ಸಿದ್ರೆ ಬೋಸನ್ ಮುಂಚೆನೇ ಕ್ಯಾಪ್ಟನ್ ಹತ್ರ ಒಬ್ಬರೇ ಹೋಗಿ ಕೇಳಲಿ.

ದಡದಲ್ಲಿ_ಬೋಸನ್
ಮಾಸ್ಟರ್ ಸಾಹೇಬ್ರೇ, ಗೌರವದಿಂದಲೇ ಹೇಳ್ತೀನಿ, ನಿಮಗೆ ಮೇಲಿಂದ ಕಾಣೋದು ಬೇರೆ, ನಮಗೆ ಡೆಕ್‌ನಿಂದ ಕಾಣೋದು ಬೇರೆ. ಒಬ್ಬ ಎಬಿಗೋಸ್ಕರ ಇಷ್ಟು ದೊಡ್ಡ ಹಡಗನ್ನ ತಿರುಗಿಸಿದ್ರು ಅನ್ನೋದನ್ನ ಡೆಕ್‌ನವರು ಯಾವತ್ತೂ ಮರೆಯಲ್ಲ. ಅದನ್ನ ಬಿಟ್ಟು ಫಿಶಿಂಗ್ ಬೋಟ್ ಕಥೆ ಹೇಳಿದ್ರೆ ಬೋಸನ್‌ಗೆ ಏನೋ ಖಾಲಿ ಅನ್ಸುತ್ತೆ.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಇಬ್ಬರ ಮಾತೂ ಸರಿ ಅನ್ಸುತ್ತೆ, ಅದೇ ಕಷ್ಟ. ಬೋಸನ್‌ಗೆ ಮಾಸ್ಟರ್ ಸರ್ ಮಾತು ತಲುಪಿಸಿದ್ದೀನಿ.

ಹೊಸ ಡ್ರಾಫ್ಟ್ ಹಾಕ್ತಿದ್ದೀನಿ. ಬ್ರಿಜ್‌ನಲ್ಲಿ ಅವರ ನೈಟ್ ಆರ್ಡರ್ ಬುಕ್ ತೆಗೆದು ಓದಿದೆ, ಚೀಫ್ ಆಫೀಸರ್ ಅನುಮತಿ ತಗೊಂಡೇ. ಪ್ರತಿ ರಾತ್ರಿ ಕೋರ್ಸ್, ಟ್ರಾಫಿಕ್, ಹವಾಮಾನ ಎಲ್ಲಾ ಬೇರೆ ಬೇರೆ ಇರುತ್ತೆ, ಕೊನೇ ಸಾಲು ಮಾತ್ರ ಎಲ್ಲಾ ಪುಟದಲ್ಲೂ ಒಂದೇ.

"ಕ್ಯಾಪ್ಟನ್ ಸರ್, ಎಲ್ಲರಿಗೂ ಶುಭಸಂಜೆ. ನಾನು ಹೆಚ್ಚು ಮಾತಾಡಲ್ಲ. ಎರಡು ಘಟನೆ ಹೇಳ್ತೀನಿ.

ನಾನು ಥರ್ಡ್ ಮೇಟ್ ಆಗಿದ್ದಾಗ ಒಂದು ರಾತ್ರಿ ನಮ್ಮ ಮುಂದೆ ಮೀನಿನ ದೋಣಿಗಳ ದೊಡ್ಡ ಗುಂಪು ಬಂತು. ನಾನು ಸರ್‌ನ ಕರೆದೆ. ಬ್ರಿಜ್‌ನಲ್ಲಿ ಒಂದು ನಿಯಮ ಇದೆ, ಕ್ಯಾಪ್ಟನ್ ಬಂದು ನಿಂತರೂ 'ನಾನು ತಗೊಂಡೆ' ಅಂತ ಹೇಳೋ ತನಕ ಹಡಗು ನಡೆಸೋದು ಮೇಟ್. ಆ ರಾತ್ರಿ ಅವರು ಆ ಮಾತು ಹೇಳ್ತಾರೆ ಅಂತ ನಾನು ಕಾದೆ. ಅವರು ಹೇಳಲಿಲ್ಲ. ನಿನ್ನ ಪ್ಲಾನ್ ಏನು ಅಂತ ಕೇಳಿದ್ರು, ಆ ಕಡೆ ನೀರು ಎಷ್ಟಿದೆ ಅಂತ ಕೇಳಿದ್ರು, ಮಾಡು ಅಂದ್ರು. ಕೊನೇ ದೋಣಿ ಹಿಂದೆ ಹೋಗೋ ತನಕ ಪಕ್ಕದಲ್ಲೇ ನಿಂತಿದ್ರು. ಅವತ್ತಿನ ವಾಚ್ ಮುಗಿಸಿ ಕೆಳಗಿಳಿದಾಗ ನಾನು ಆಫೀಸರ್ ಅಂತ ನನಗೇ ಮೊದಲ ಸಲ ನಂಬಿಕೆ ಬಂತು.

ಎರಡನೇದು ಇಂಜಿನ್ ರೂಮ್‌ನಲ್ಲಿದ್ದ ಎಲ್ಲರಿಗೂ ಗೊತ್ತು. ಇಂಜಿನ್ ನಿಂತ ದಿನ ಸರ್ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಹೊತ್ತು ಬೇಕು? ಚೀಫ್ ಆರು ಗಂಟೆ ಅಂದ್ರು. ಆ ಆರು ಗಂಟೆ ಹೊರಗಿನ ಯಾವ ಒತ್ತಡನೂ ಇಂಜಿನ್ ರೂಮ್‌ಗೆ ಇಳಿಯಲಿಲ್ಲ. ಅದು ಮೇಲೆ ಒಬ್ಬರ ಹತ್ರ ನಿಂತಿತ್ತು. ನಾನು ಅವರ ಪಕ್ಕದಲ್ಲೇ ಇದ್ದೆ, ನೋಡಿದ್ದೀನಿ.

ಸರ್, ನಿಮ್ಮ ನೈಟ್ ಆರ್ಡರ್ ಕೊನೇ ಸಾಲು ನಮಗೆಲ್ಲ ಬಾಯಿಪಾಠ. 'ಸಂಶಯ ಬಂದರೆ ಯಾವ ಹೊತ್ತಲ್ಲಾದರೂ ಕರೆಯಿರಿ.' ನಾವು ಕರೆದಿದ್ದೀವಿ. ನೀವು ಪ್ರತಿ ಸಲ ಬಂದಿದ್ದೀರಿ, ಒಂದು ಸಲನೂ ಯಾಕೆ ಕರೆದೆ ಅಂತ ಕೇಳಿಲ್ಲ. ನಿಮಗೆ ನಮ್ಮೆಲ್ಲರ ಧನ್ಯವಾದ."

ಕೇಬಲ್_ಲಾಕರ್
ಇದು ನಿಜವಾಗ್ಲೂ ಚೆನ್ನಾಗಿದೆ. ನನ್ನ ಚಪ್ಪಾಳೆ ಐಡಿಯಾ ವಾಪಸ್ ತಗೋತೀನಿ.

ಹಳೇ_ಮಾಸ್ಟರ್
ಒಂದೇ ತಿದ್ದುಪಡಿ. "ನನಗೇ ಮೊದಲ ಸಲ ನಂಬಿಕೆ ಬಂತು" ಅನ್ನೋ ಸಾಲು ಬೇಕಾ ನೋಡಿ, ಅಲ್ಲಿ ಮಾತು ನಿಮ್ಮ ಕಡೆ ತಿರುಗುತ್ತೆ. "ಪಕ್ಕದಲ್ಲೇ ನಿಂತಿದ್ರು" ಅನ್ನೋದಕ್ಕೇ ನಿಲ್ಲಿಸಿದ್ರೆ ಕೇಳೋರಿಗೆ ಉಳಿದದ್ದು ತಾನಾಗೇ ಗೊತ್ತಾಗುತ್ತೆ. ಮತ್ತೆ ನೈಟ್ ಆರ್ಡರ್ ಸಾಲನ್ನ ಬುಕ್‌ನಲ್ಲಿ ಹೇಗಿದೆಯೋ ಹಾಗೇ ಓದಿ, ಒಂದು ಅಕ್ಷರ ಬದಲಾಯಿಸಬೇಡಿ, ಅವರಿಗೆ ಅದು ಕಿವಿಗೆ ಬಿದ್ದ ಕೂಡಲೇ ತಿಳಿಯುತ್ತೆ. ಬುಕ್ ಮಾತ್ರ ಬ್ರಿಜ್‌ನಲ್ಲೇ ಇರಲಿ, ಅದು ಹಡಗಿನ ದಾಖಲೆ, ಪುಟ ಹರಿದು ಫ್ರೇಮ್ ಹಾಕಿಸಿಕೊಡೋ ಉತ್ಸಾಹ ಯಾರಿಗೂ ಬರದಂಗೆ ನೋಡ್ಕೊಳ್ಳಿ.

ಡೆಕ್_ಕೆಡೆಟ್
ನನಗೆ ಆ ಸಾಲು ಇರಲಿ ಅನ್ಸುತ್ತೆ ಸರ್. ಕ್ಯಾಪ್ಟನ್ ಪಕ್ಕ ನಿಂತಾಗ ನಮಗೆ ಒಳಗೆ ಏನಾಗುತ್ತೆ ಅಂತ ಅವರಿಗೆ ಗೊತ್ತಿರುತ್ತೋ ಇಲ್ವೋ.

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಅಪ್‌ಡೇಟ್. ನಿನ್ನೆ ಸಂಜೆ ಆಯ್ತು. ಕೆಡೆಟ್ ಮಾತು ಕೇಳಿ ಆ ಸಾಲು ಇಟ್ಟೆ. ಮೊದಲ ಘಟನೆ ಹೇಳುವಾಗ ಕ್ಯಾಪ್ಟನ್ ತಲೆ ಆಡಿಸ್ತಿದ್ರು, "ಆ ರಾತ್ರಿ ನೀನು ಹೇಳಿದ್ದಕ್ಕಿಂತ ನಾನಾಗಿದ್ರೆ ಇನ್ನೂ ಬೇಗ ತಿರುಗಿಸ್ತಿದ್ದೆ, ಆದ್ರೆ ನಿನ್ನದೂ ಸೇಫ್ ಆಗಿತ್ತು, ಅದಕ್ಕೆ ಸುಮ್ಮನಿದ್ದೆ" ಅಂತ ಆಮೇಲೆ ಎಲ್ರ ಮುಂದೆನೇ ಹೇಳಿದ್ರು. ಇದು ನನಗೆ ನಿನ್ನೆ ತನಕ ಗೊತ್ತೇ ಇರಲಿಲ್ಲ. ಇಂಜಿನ್ ಘಟನೆಗೆ ಫಿಟ್ಟರ್ ಎದ್ದು ನಿಂತು ಚಪ್ಪಾಳೆ ಹೊಡೆದ, ಅವನ ಹಿಂದೆ ಎಲ್ರೂ ಎದ್ರು. ಅಲಾರ್ಮ್ ಕೂಡ ಒಂದು ಸಲ ಬಂತು, ಫೋರ್ತ್ ಇಂಜಿನಿಯರ್ ಓಡಿದ, ನಾನು ಬೋಸನ್ ಸರ್ ಹೇಳಿದ ಹಾಗೆ ನಿಲ್ಲಿಸಲಿಲ್ಲ.

ತೀರಿಹೋದ ಎಬಿ ವಿಷಯ ನಾನು ಎತ್ತಲಿಲ್ಲ. ಬೋಸನ್ ಮುಂಚೆ ಹೋಗಿ ಕೇಳಿದ್ರಂತೆ, ಕ್ಯಾಪ್ಟನ್ "ಬೇಡ" ಅಂತ ಹೇಳಲಿಲ್ಲವಂತೆ, "ಹೇಳಿ" ಅಂತಲೂ ಹೇಳಲಿಲ್ಲವಂತೆ. ಕೊನೆಗೆ ಬೋಸನ್ ಎದ್ದು ಅವನ ಹೆಸರು ಒಂದು ಸಲ ಹೇಳಿ, "ಅವನ ಪರವಾಗಿಯೂ ಥ್ಯಾಂಕ್ಸ್ ಸರ್" ಅಂದು ಕೂತ್ರು.

ಹಳೇ_ಮಾಸ್ಟರ್
ಬೋಸನ್ ಹೇಳಿದ್ದು ಸರಿಯಾಗೇ ಹೇಳಿದ್ದಾರೆ. ಆದ್ರೂ ಕ್ಯಾಪ್ಟನ್ ಸ್ಪಷ್ಟವಾಗಿ ಹೂಂ ಅನ್ನದೇ ಇದ್ದಾಗ ನಾನಾಗಿದ್ರೆ ಹೇಳ್ತಿರಲಿಲ್ಲ.

ದಡದಲ್ಲಿ_ಬೋಸನ್
ನಾನಾಗಿದ್ರೆ ಹೇಳ್ತಿದ್ದೆ. ಇದರಲ್ಲಿ ನಾವಿಬ್ಬರೂ ಒಪ್ಪಲ್ಲ ಬಿಡಿ ಸಾಹೇಬ್ರೇ.

ಡೆಕ್_ಕೆಡೆಟ್
ಸೆಕೆಂಡ್ ಸರ್, ಮೇಲೆ ವಾಚ್‌ನಲ್ಲಿದ್ದ ಥರ್ಡ್ ಮೇಟ್‌ಗೆ ಭಾಷಣ ಕೇಳಿಸೋಕೆ ರೆಕಾರ್ಡಿಂಗ್ ಮಾಡಿದ್ರಾ?

ಸೆಕೆಂಡ್‌ಮೇಟ್_ಆನ್‌ಬೋರ್ಡ್
ಮೆಸ್‌ಮ್ಯಾನ್ ಮಾಡಿದ್ದ. ಆದ್ರೆ ಅದಕ್ಕೂ ಮುಂಚೆ ಕ್ಯಾಪ್ಟನ್ ಮೆಸ್‌ನಿಂದ ಸೀದಾ ಬ್ರಿಜ್‌ಗೆ ಹೋಗಿದ್ರು, ಥರ್ಡ್ ಮೇಟ್ ಜೊತೆ ಅರ್ಧ ಗಂಟೆ ಇದ್ದು ಬಂದ್ರಂತೆ. ಏನು ಮಾತಾಡಿದ್ರು ಅಂತ ಅವನು ಹೇಳ್ತಿಲ್ಲ, ನಾನೂ ಒತ್ತಾಯ ಮಾಡಿಲ್ಲ. ನಾಡಿದ್ದು ಬೆಳಿಗ್ಗೆ ಪೈಲಟ್, ಪ್ಯಾಸೇಜ್ ಪ್ಲಾನ್ ಕೊನೇ ಭಾಗ ಇನ್ನೊಮ್ಮೆ ಚೆಕ್ ಮಾಡೋದಿದೆ. ಸಲಹೆ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.